ಕರೆಂಟ್ ಹೋದ ರಾತ್ರಿ

ಬಸವನಗುಡಿಯ ಒಂದು ಬೀದಿಯಲ್ಲಿ ಹಳೇ ಹಂಚಿನ ಮನೆ ಇತ್ತು. ಆ ಹಂಚಿನ ಸಂದಿಯಲ್ಲಿ ಪಿಟ್ಟಿ ಅನ್ನೋ ಬಾವಲಿ ಮರಿ ಅಮ್ಮನ ಜೊತೆ ತಲೆಕೆಳಗಾಗಿ ನೇತಾಡಿಕೊಂಡು ಇತ್ತು. ಎಷ್ಟು ಚಿಕ್ಕದು ಅಂತೀಯಾ? ಒಂದು ರೂಪಾಯಿಯ ಎರಡು ನಾಣ್ಯದಷ್ಟು ತೂಕವೂ ಇರಲಿಲ್ಲ!

ಪಿಟ್ಟಿ ಅಮ್ಮನ ಹಾಲು ಕುಡಿದು ಬೆಳೆಯಿತು. ರೆಕ್ಕೆ ಬಲಿತ ಮೇಲೆ ಹಾರೋದನ್ನೂ ಕಲಿಯಿತು. ಹುಳ ಹಿಡಿಯೋಕೆ ಮಾತ್ರ ಅದಕ್ಕೆ ಬೀದಿ ದೀಪವೇ ಬೇಕು. ದೀಪದ ಸುತ್ತ ಮುತ್ತಿದ ಹುಳಗಳನ್ನು ಕಣ್ಣಲ್ಲಿ ನೋಡೋದು, ಹಾರಿ ಬಾಯಿ ಹಾಕೋದು. ಹತ್ತು ಸಲ ಹಾರಿದರೆ ಒಂದು ಹುಳ ಸಿಕ್ಕರೆ ಹೆಚ್ಚು.

ಒಂದು ರಾತ್ರಿ ಜೋರು ಮಳೆ ಬಂದು ನಿಂತಿತು. ಟಪ್ ಅಂತ ಕರೆಂಟ್ ಹೋಯಿತು. ಬೀದಿಯೆಲ್ಲ ಕಗ್ಗತ್ತಲು.

"ಅಮ್ಮಾ, ಏನೂ ಕಾಣಲ್ಲ! ಹೊಟ್ಟೆ ಬೇರೆ ಹಸೀತಿದೆ," ಅಂತು ಪಿಟ್ಟಿ.

ಪಕ್ಕದ ಅತ್ತಿ ಮರದಲ್ಲಿ ದೊಡ್ಡ ಹಣ್ಣುಬಾವಲಿ ಒಂದು ಹಣ್ಣು ತಿನ್ನುತ್ತಾ ಕೂತಿತ್ತು. "ಅಜ್ಜಾ, ನಿನಗೆ ಹೇಗೆ ಊಟ ಸಿಕ್ಕಿತು?" ಅಂತ ಪಿಟ್ಟಿ ಕೇಳಿತು.

"ನನಗೆ ದೊಡ್ಡ ಕಣ್ಣಿದೆ, ಒಳ್ಳೆ ಮೂಗಿದೆ. ಹಣ್ಣೇನು ಹಾರಿ ಹೋಗುತ್ತಾ, ಮಗು? ನಿನ್ನ ಊಟ ಹಾಗಲ್ಲ. ಅಮ್ಮನ್ನೇ ಕೇಳು."

ಅಮ್ಮ ಪಿಟ್ಟಿಯನ್ನು ಕಾಂಪೌಂಡ್ ಗೋಡೆ ಹತ್ತಿರ ಕರೆದುಕೊಂಡು ಹೋಯಿತು. "ಕೂಗು ಕಂದಾ."

ಪಿಟ್ಟಿ ಬಿಡದೆ ಕೂಗಿತು. ಟಿಕ್ ಟಿಕ್ ಟಿಕ್ ಟಿಕ್!

"ಬರೀ ಕೂಗ್ತಾ ಇದ್ದೀಯ. ಒಂದು ಸಲ ಕೂಗಿ, ಕಿವಿ ಕೊಡು."

ಟಿಕ್.

ಗೋಡೆ ಕಡೆಯಿಂದ ಮೆಲ್ಲಗೆ ಏನೋ ವಾಪಸ್ ಬಂತು. ...ಟಿಕ್.

"ಅಮ್ಮಾ! ಗೋಡೆ ಮಾತಾಡ್ತು!"

"ಅದು ನಿನ್ನ ಧ್ವನಿನೇ. ಹೋಗಿ ಗೋಡೆಗೆ ಬಡಿದು ವಾಪಸ್ ಬಂತು."

ನೀನು ಅಂಡರ್‌ಪಾಸಿನಲ್ಲಿ "ಕೂ" ಅಂದಾಗ ಇನ್ನೊಂದು "ಕೂ" ಕೇಳುತ್ತೆ ಅಲ್ವಾ? ಅದೇ ಇದು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಮೂರೂವರೆ ಮೀಟರ್ ದೂರದ ಗೋಡೆಗೆ ಹೋಗಿ ಬರೋಕೆ ಎಷ್ಟು ಹೊತ್ತು? ಒಂದು ಸೆಕೆಂಡನ್ನು 50 ಚೂರು ಮಾಡಿದರೆ ಅದರಲ್ಲಿ ಒಂದು ಚೂರು! ಬಾವಲಿ ಕಿವಿಗೆ ಅಷ್ಟು ಸಾಕು. ಬೇಗ ವಾಪಸ್ ಬಂದರೆ ಹತ್ತಿರ, ತಡವಾಗಿ ಬಂದರೆ ದೂರ. ಬಾವಲಿಯ ಆ ಕೂಗು ಎಷ್ಟು ಕೀಚಲು ಅಂದರೆ ನಮ್ಮ ಕಿವಿಗೆ ಕೇಳೋದೇ ಇಲ್ಲ. ಕಿಟಕಿ ಆಚೆ ಅದು ಕೂಗ್ತಾ ಇದ್ದರೂ ನಮಗೆ ಬೀದಿ ಸುಮ್ಮನಿದ್ದ ಹಾಗೆ.

ಪಿಟ್ಟಿ ತೆಂಗಿನ ಮರದ ಕಡೆ ಕೂಗಿತು. ದಪ್ಪನೆ ಮಾರ್ದನಿ. ಬಟ್ಟೆ ಒಣಗಿಸೋ ತಂತಿ ಕಡೆ ಕೂಗಿತು. ತೆಳ್ಳಗೆ, ಗೆರೆ ಎಳೆದ ಹಾಗೆ. ಕತ್ತಲಲ್ಲಿ ಒಂದೊಂದೇ ವಸ್ತು ಎದ್ದು ನಿಂತಂತೆ ಅನಿಸಿತು. ಮರ ಇಲ್ಲಿ, ತಂತಿ ಅಲ್ಲಿ, ನೀರಿನ ಟ್ಯಾಂಕ್ ಮೇಲೆ.

ಅಷ್ಟರಲ್ಲಿ ಒಂದು ಪುಟಾಣಿ ಮಾರ್ದನಿ ಬಂತು. ಅದು ಅಲುಗಾಡುತ್ತಿತ್ತು! ಜೋರು, ಮೆಲ್ಲಗೆ, ಜೋರು, ಮೆಲ್ಲಗೆ.

"ಅಮ್ಮಾ, ಇದ್ಯಾಕೆ ಹೀಗೆ ನಡುಗ್ತಿದೆ?"

"ರೆಕ್ಕೆ ಬಡೀತಿದೆ ಕಂದಾ. ಅದೇ ನಿನ್ನ ಊಟ. ಹತ್ತಿರ ಹೋದ ಹಾಗೆ ಬೇಗ ಬೇಗ ಕೂಗು."

ಪಿಟ್ಟಿ ಹಾರಿತು.

ಟಿಕ್... ಟಿಕ್... ಹುಳ ಎಡಕ್ಕೆ.

ಟಿಕ್ ಟಿಕ್ ಟಿಕ್. ಈಗ ಕೆಳಗೆ.

ಟಿಕ್‌ಟಿಕ್‌ಟಿಕ್‌ಟಿಕ್‌ಟ್ರ್ರ್ರ್ರ್ರ್!

ಕೊನೆಗೆ ಕೂಗುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಉದ್ದನೆ ಗುಂಯ್ ಅಂದ ಹಾಗಾಯಿತು. ಪಿಟ್ಟಿ ಬಾಲದ ಕಡೆಯ ಪೊರೆಯನ್ನು ಬುಟ್ಟಿಯ ಹಾಗೆ ಮಡಚಿತು. ಹುಳ ಅದರೊಳಗೆ ಬಿತ್ತು. ತಲೆ ಬಗ್ಗಿಸಿ ಹಾರ್ತಾ ಹಾರ್ತಾನೇ, ಗುಳುಂ!

"ಸಿಕ್ತು ಅಮ್ಮಾ! ಕತ್ತಲಲ್ಲೇ ಸಿಕ್ತು!"

ಇನ್ನೊಂದು. ಮತ್ತೊಂದು. ಮಧ್ಯೆ ಎರಡು ತಪ್ಪಿಸಿಕೊಂಡವು, ಹೋಗಲಿ. ಪಿಟ್ಟಿಯ ಹೊಟ್ಟೆ ಪುಟ್ಟ ಪೂರಿಯ ಹಾಗೆ ಉಬ್ಬಿತು.

ಬಹಳ ಹೊತ್ತಾದ ಮೇಲೆ ಕರೆಂಟ್ ಬಂತು. ಬೀದಿ ದೀಪ ಮಿಣುಕ್ ಅಂತ ಹೊತ್ತಿಕೊಂಡಿತು. ಪಿಟ್ಟಿ ಅದರ ಕಡೆ ತಿರುಗಲೇ ಇಲ್ಲ. ಹಂಚಿನ ಸಂದಿಗೆ ನುಗ್ಗಿ, ಅಮ್ಮನ ಪಕ್ಕ ನೇತು ಹಾಕಿಕೊಂಡು, ರೆಕ್ಕೆಯನ್ನು ಕಂಬಳಿ ಹಾಗೆ ಸುತ್ತಿಕೊಂಡಿತು.

"ಅಮ್ಮಾ."

"ಹೂಂ."

ಟಿಕ್, ಅಂತು ಪಿಟ್ಟಿ, ತುಂಬಾ ಮೆಲ್ಲಗೆ. ಮಾರ್ದನಿ ತಕ್ಷಣವೇ ಬಂತು. ಅಮ್ಮ ಅಷ್ಟು ಹತ್ತಿರ ಇತ್ತು.