ಉಪವಾಸದ ದಿನಗಳಲ್ಲಿ, ಹಬ್ಬದ ದೂರ ಪ್ರಯಾಣದಲ್ಲಿ ಥೈರಾಯ್ಡ್ ಮಾತ್ರೆ: ರೋಗಿಗಳಿಗೆ ಮಾಹಿತಿ ಪತ್ರ

ಹಬ್ಬದ ಸಾಲು ಮುಗಿದ ಮೇಲೆ ನಮ್ಮ ಹೊರರೋಗಿ ವಿಭಾಗದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಉಪವಾಸವಿತ್ತು, ಮಾತ್ರೆ ಬಿಟ್ಟೆ. ಮರುದಿನ ಊರಿಗೆ ಹೊರಟೆವು, ಡಬ್ಬಿ ಮನೆಯಲ್ಲೇ ಉಳಿಯಿತು." ಒಂದು ದಿನವೆಂದುಕೊಂಡದ್ದು ಮೂರು ವಾರವಾಗಿರುತ್ತದೆ. ಅಷ್ಟರಲ್ಲಿ ಮುಖ ಊದಿಕೊಂಡಿರುತ್ತದೆ, ಆಯಾಸ ಬಿಟ್ಟಿರುವುದಿಲ್ಲ, ಮಲಬದ್ಧತೆ ಶುರುವಾಗಿರುತ್ತದೆ. ನಿಮ್ಮ ವ್ರತವನ್ನು ಬಿಡಿಸಲು ನಾವು ಇದನ್ನು ಬರೆದಿಲ್ಲ. ಮಾತ್ರೆಯ ಹೊತ್ತನ್ನು ಬದಲಿಸಿಕೊಳ್ಳಿ, ಮಾತ್ರೆಯನ್ನು ಬಿಡಬೇಡಿ ಎಂಬುದಷ್ಟೇ ನಮ್ಮ ಕೋರಿಕೆ.

ಮೊದಲು ನಿಮ್ಮ ಮಾತ್ರೆ ಯಾವುದೆಂದು ನೋಡಿಕೊಳ್ಳಿ

ಡಬ್ಬಿಯ ಮೇಲೆ ಲೆವೊಥೈರಾಕ್ಸಿನ್ ಎಂದಿದ್ದರೆ ಅದು ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುವವರ ಮಾತ್ರೆ. ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡವರಿಗೂ ಇದೇ. ಕಾರ್ಬಿಮಜೋಲ್, ಮೆಥಿಮಜೋಲ್ ಅಥವಾ ಪ್ರೊಪೈಲ್‌ಥಯೋಯುರಾಸಿಲ್ ಎಂದಿದ್ದರೆ ಅದು ಗ್ರಂಥಿ ಅತಿಯಾಗಿ ಕೆಲಸ ಮಾಡುವವರದು. ಎರಡನ್ನೂ ಜನ "ಥೈರಾಯ್ಡ್ ಮಾತ್ರೆ" ಎಂದೇ ಕರೆಯುತ್ತಾರೆ, ಆದರೆ ನಿಯಮಗಳು ಬೇರೆ ಬೇರೆ. ಮುಂದಿನ ಎರಡು ಭಾಗಗಳು ಲೆವೊಥೈರಾಕ್ಸಿನ್ ತೆಗೆದುಕೊಳ್ಳುವವರಿಗೆ.

ಉಪವಾಸದ ದಿನ

ಈ ಮಾತ್ರೆಗೆ ಬೇಕಿರುವುದೇ ಖಾಲಿ ಹೊಟ್ಟೆ. ಊಟದ ಜೊತೆ ನುಂಗಿದರೆ ಅದು ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಹಾಗಾಗಿ ಉಪವಾಸಕ್ಕೂ ಇದಕ್ಕೂ ಹಗೆತನವಿಲ್ಲ. ಉಪವಾಸ ಆರಂಭಿಸುವಾಗ, ಮುರಿಯುವಾಗ ನೀವು ಏನು ಸೇವಿಸುತ್ತೀರಿ ಎಂಬುದೇ ಮುಖ್ಯ.

ನೀರು ಕುಡಿಯಬಹುದಾದ ಉಪವಾಸವಾದರೆ ಚಿಂತೆಯೇ ಇಲ್ಲ. ಎಂದಿನಂತೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬೇರೇನೂ ಸೇವಿಸಬೇಡಿ. ಹಾಲು ಮಾತ್ರ ಕುಡಿದು ಉಪವಾಸ ಮಾಡುವವರು ಇಲ್ಲಿ ಎಡವುತ್ತಾರೆ. ಹಾಲಿನಲ್ಲಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಫಿಯೂ ಹೀರಿಕೆಯನ್ನು ತಗ್ಗಿಸುತ್ತದೆ. ಮಾತ್ರೆಯನ್ನು ನೀರಿನಲ್ಲೇ ನುಂಗಿ, ಅವೆರಡನ್ನೂ ಆಮೇಲೆ ಕುಡಿಯಿರಿ.

ನೀರನ್ನೂ ಮುಟ್ಟದ ಉಪವಾಸವಾದರೆ ಹಿಂದಿನ ರಾತ್ರಿಯೇ ಯೋಚಿಸಬೇಕು. ಸೂರ್ಯೋದಯಕ್ಕೆ ಮೊದಲು ಎದ್ದು ನುಂಗುವುದು ಒಂದು ದಾರಿ. ರಾತ್ರಿ ಮಲಗುವ ಮುನ್ನ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳುವುದು ಇನ್ನೊಂದು. ಆದರೆ ಆ ದಿನದ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿದ್ದರೆ ಮತ್ತೆ ರಾತ್ರಿ ನುಂಗಬೇಡಿ. ಇಡೀ ದಿನ ಮತ್ತು ರಾತ್ರಿ ನೀರಿಲ್ಲದ ವ್ರತವಾಗಿದ್ದು ಮಾತ್ರೆ ತಪ್ಪಿಹೋಗಿದ್ದರೆ, ಪಾರಣೆಯ ಮೊದಲ ಗುಟುಕು ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧ ಗಂಟೆ ತಾಳಿ ಊಟ ಮಾಡಿ.

ರಂಜಾನ್‌ನಂತೆ ತಿಂಗಳಿಡೀ ಹಗಲು ಉಪವಾಸವಿರುವವರಿಗೆ ಒಂದು ದಿನದ ಹೊಂದಾಣಿಕೆ ಸಾಲದು, ಮೂವತ್ತು ದಿನ ನಡೆಯುವ ಕ್ರಮ ಬೇಕು. ಸಹರಿಗೆ ಅರ್ಧ ಅಥವಾ ಮುಕ್ಕಾಲು ಗಂಟೆ ಮೊದಲೇ ಎದ್ದು ನುಂಗುವುದು ಒಳ್ಳೆಯದೇ. ಆದರೆ ನಿದ್ದೆಗಣ್ಣಿನಲ್ಲಿ ಮಾತ್ರೆ ನುಂಗಿ ಐದೇ ನಿಮಿಷಕ್ಕೆ ಊಟಕ್ಕೆ ಕೂರುವವರೇ ಹೆಚ್ಚು. ಇಫ್ತಾರ್ ಹೊತ್ತಿನಲ್ಲಿ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಕಾಯುವುದೂ ಆಗುತ್ತದೆ, ಹಸಿದವರಿಗೆ ಅದು ಕಷ್ಟ. ಇಫ್ತಾರ್ ಊಟ ಮುಗಿಸಿ ಮೂರು ಗಂಟೆಯ ನಂತರ, ಮಲಗುವಾಗ ತೆಗೆದುಕೊಳ್ಳುವುದು ಬಹಳ ಜನರಿಗೆ ಸುಲಭವೆಂಬುದು ನಮ್ಮ ಅನಿಸಿಕೆ. ನಡುವೆ ಏನನ್ನೂ ತಿನ್ನದಿರಬೇಕು ಅಷ್ಟೆ. ಯಾವುದನ್ನು ಆರಿಸಿದರೂ ತಿಂಗಳಿಡೀ ಅದನ್ನೇ ಪಾಲಿಸಿ. ರೋಗಿಗಳಿಗೂ ಪ್ರಯಾಣಿಕರಿಗೂ ಈ ಉಪವಾಸದಿಂದ ಧರ್ಮವೇ ವಿನಾಯಿತಿ ಕೊಟ್ಟಿದೆ ಎಂಬುದನ್ನೂ ನೆನಪಿಡಿ.

ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎದೆಯುರಿಗೆ ಕುಡಿಯುವ ಆಂಟಾಸಿಡ್ ಇವುಗಳಿಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆಯ ಅಂತರವಿರಲಿ. ಹಗಲೆಲ್ಲ ಬಾಯಿ ಮುಚ್ಚಿದ್ದಾಗ ಎಲ್ಲ ಮಾತ್ರೆಗಳನ್ನೂ ಸಂಜೆ ಒಟ್ಟಿಗೆ ನುಂಗಿಬಿಡುವ ಆತುರ ಸಹಜ. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ನುಂಗಿಯೂ ಹೆಚ್ಚು ಫಲವಿರುವುದಿಲ್ಲ.

ಪ್ರಯಾಣದಲ್ಲಿ

ಲೆವೊಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಆದ್ದರಿಂದ ರಾತ್ರಿ ಬಸ್ಸು ತಡವಾಗಿ ಮಾತ್ರೆ ಮೂರು ನಾಲ್ಕು ಗಂಟೆ ಹಿಂದೆಮುಂದೆ ಆದರೆ, ಒಂದು ದಿನ ಪೂರ್ತಿ ಮರೆತೇಹೋದರೂ ಗಾಬರಿಯಾಗಬೇಡಿ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವ ಹೊತ್ತು ನೋಡಿ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಅಂದಿನ ಮಾತ್ರೆಯನ್ನಷ್ಟೇ ತೆಗೆದುಕೊಳ್ಳಿ. ವೈದ್ಯರು ಹೇಳದೆ ಎರಡನ್ನು ಸೇರಿಸಬೇಡಿ. ಹೃದಯದ ತೊಂದರೆ ಇರುವವರಿಗೂ ವಯಸ್ಸಾದವರಿಗೂ ಹಾಗೆ ಸೇರಿಸುವುದು ಅಪಾಯಕಾರಿ.

ಹೊರಡುವ ಮುನ್ನ ದಿನಗಳನ್ನು ಎಣಿಸಿ, ಒಂದು ವಾರಕ್ಕೆ ಹೆಚ್ಚಾಗುವಷ್ಟು ಮಾತ್ರೆ ಇಟ್ಟುಕೊಳ್ಳಿ. ಸಾಮಾನಿನ ದೊಡ್ಡ ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲಿಡಿ. ನಿಲ್ಲಿಸಿದ ಕಾರಿನಲ್ಲಿ, ಬಿಸಿಲು ಬೀಳುವ ಕಿಟಕಿಯ ಬಳಿ ಡಬ್ಬಿ ಬಿಡಬೇಡಿ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತವೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಮೂಲ ಡಬ್ಬಿಯಲ್ಲೇ, ಮುಚ್ಚಳ ಬಿಗಿಯಾಗಿ ಮುಚ್ಚಿ ಒಯ್ಯಿರಿ.

ಒಂದೇ ಮನೆಯ ಇಬ್ಬರು ಈ ಮಾತ್ರೆ ನುಂಗುವುದು ಅಪರೂಪವಲ್ಲ. ಅತ್ತೆಗೆ 25 ಮೈಕ್ರೋಗ್ರಾಂ, ಸೊಸೆಗೆ 100 ಮೈಕ್ರೋಗ್ರಾಂ, ಡಬ್ಬಿಗಳು ನೋಡಲು ಒಂದೇ ತೆರ. ಎಲ್ಲರ ಸಾಮಾನೂ ಒಂದೇ ಕೋಣೆಯಲ್ಲಿರುವಾಗ ಅದಲುಬದಲಾಗುವುದು ಬಹಳ ಸುಲಭ. ಡಬ್ಬಿಯ ಮೇಲೆ ಹೆಸರು ಬರೆದಿಡಿ. ಔಷಧ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಡಬ್ಬಿ ಕಳೆದರೆ ಬೇರೆ ಊರಿನಲ್ಲಿ ಅದೇ ಮಾತ್ರೆ, ಅದೇ ಪ್ರಮಾಣ ಕೇಳಲು ಅದು ಬೇಕು.

ಕಾರ್ಬಿಮಜೋಲ್ ಮುಂತಾದವು ತೆಗೆದುಕೊಳ್ಳುವವರಿಗೆ

ಈ ಮಾತ್ರೆಗಳಿಗೆ ಖಾಲಿ ಹೊಟ್ಟೆಯ ಕಟ್ಟುಪಾಡಿಲ್ಲ. ಆದರೆ ದಿನಕ್ಕೆ ಎರಡು ಮೂರು ಬಾರಿ ಬರೆದುಕೊಟ್ಟಿದ್ದರೆ ಉಪವಾಸದ ವೇಳೆಗೆ ನೀವೇ ಕಡಿತ ಮಾಡಬೇಡಿ. ಒಂದೇ ಬಾರಿಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಎದೆಬಡಿತ, ಕೈನಡುಕ, ತೂಕ ಇಳಿಕೆ ಇನ್ನೂ ಹತೋಟಿಗೆ ಬಾರದಿದ್ದರೆ ನೀರಿಲ್ಲದ ಉಪವಾಸ ಬೇಡ. ಪ್ರಯಾಣದಲ್ಲಿ ಜ್ವರವೋ ಗಂಟಲು ನೋವೋ ಬಂದರೆ ಅದನ್ನು ದಾರಿಯ ಧೂಳಿಗೆ ಆರೋಪಿಸಿ ಸುಮ್ಮನಿರಬೇಡಿ. ಈ ಮಾತ್ರೆಗಳಿಂದ ಅಪರೂಪಕ್ಕೆ ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ. ಮಾತ್ರೆ ನಿಲ್ಲಿಸಿ, ಅಂದೇ ಹತ್ತಿರದ ಆಸ್ಪತ್ರೆಯಲ್ಲಿ ರಕ್ತಕಣಗಳ ಪರೀಕ್ಷೆ ಮಾಡಿಸಿ.

ಉಪವಾಸಕ್ಕೆ ಮೊದಲೇ ನಮ್ಮನ್ನು ಕಾಣಬೇಕಾದವರು

ಗರ್ಭಿಣಿಯರು, ಯಾವ ಸಂಕೋಚವೂ ಇಲ್ಲದೆ, ಎಲ್ಲರಿಗಿಂತ ಮೊದಲು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆ ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಮಾತ್ರೆಯ ಪ್ರಮಾಣವನ್ನೂ ಆಗ ಹೆಚ್ಚಿಸಬೇಕಾಗುತ್ತದೆ. ಹೃದ್ರೋಗವಿರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ ಬರಬೇಕು. ಗ್ರಂಥಿ ತೆಗೆಸಿದ ನಂತರ ಕ್ಯಾಲ್ಸಿಯಂ ನುಂಗುತ್ತಿರುವವರು ಅದನ್ನು ಒಂದು ಹೊತ್ತೂ ತಪ್ಪಿಸಬಾರದು. ತುಟಿಯ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮುಜುಮು ಎನಿಸಿದರೆ, ಕೈ ಸೆಟೆದರೆ ಉಪವಾಸವನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಎದೆನೋವು, ನಿಲ್ಲದ ಎದೆಬಡಿತ, ಎಬ್ಬಿಸಿದರೂ ಏಳಲಾಗದ ಮಂಪರು, ಗೊಂದಲದ ಮಾತು ಕಂಡರೂ ತಡಮಾಡಬೇಡಿ. ಜೊತೆಯಲ್ಲಿರುವವರಿಗೆ ಇದನ್ನು ಮೊದಲೇ ತಿಳಿಸಿಡಿ, ಏಕೆಂದರೆ ಮಂಪರಿನಲ್ಲಿರುವವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ.

ಮರಳಿದ ಮೇಲೆ

ಹಲವು ದಿನ ಮಾತ್ರೆ ತಪ್ಪಿದ್ದರೆ ಹೇಳಿಬಿಡಿ, ನಾವು ಗದರುವುದಿಲ್ಲ. ಹೇಳದಿದ್ದರೆ ಟಿಎಸ್‌ಎಚ್ ಏರಿರುವುದನ್ನು ಕಂಡು ಪ್ರಮಾಣ ಸಾಲದೆಂದು ತಪ್ಪಾಗಿ ತಿಳಿದು ಹೆಚ್ಚಿಸುವ ಸಾಧ್ಯತೆ ಇದೆ. ಎಂದಿನ ಕ್ರಮಕ್ಕೆ ಮರಳಿ ಆರರಿಂದ ಎಂಟು ವಾರವಾದ ಮೇಲೆ ಮಾಡಿಸಿದ ಪರೀಕ್ಷೆ ನಿಜ ಹೇಳುತ್ತದೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ, ರಕ್ತ ಕೊಡುವ ಎರಡು ದಿನ ಮೊದಲು ಅದನ್ನು ನಿಲ್ಲಿಸಿ ಬನ್ನಿ.