ನಮ್ಮ ಗಣಿತ ಚಾನೆಲ್: ಜೂನ್‌ನಿಂದ ವಾರದ ಯೋಜನೆ

ತಮ್ಮಾ,

ವಾರಕ್ಕೆ ಮೂರು ವಿಡಿಯೊ ಅಂತ ನೀನಂದೆ, ನಾನೂ ಹೂಂ ಅಂದೆ. ಸಮಾಂತರ ಶ್ರೇಢಿಯ ಪಾಠ ಮಾಡುವಾಗ ಗಡಿಯಾರ ನೋಡಿ ಬರೆದಿಟ್ಟೆ: 12 ನಿಮಿಷದ ವಿಡಿಯೊಗೆ ಟಿಪ್ಪಣಿ, ಲೆಕ್ಕ ಆರಿಸೋಕೆ 2 ಗಂಟೆ, ರೆಕಾರ್ಡಿಂಗ್ ಒಂದೂವರೆ, ನಿನ್ನ ಎಡಿಟಿಂಗ್ 3, ಥಂಬ್‌ನೇಲ್ ಮತ್ತು ವಿವರಣೆ ಮುಕ್ಕಾಲು. ಒಟ್ಟು ಏಳೂಕಾಲು ಗಂಟೆ. ಶಾಲೆ, ಮನೆ ಮುಗಿಸಿ ನನಗೆ ಉಳಿಯೋದು ವಾರಕ್ಕೆ ಐದು ಗಂಟೆ, ನಿನಗೆ ನಾಲ್ಕು. ಹಾಗಾಗಿ ವಾರಕ್ಕೆ ಒಂದೇ ದೊಡ್ಡ ವಿಡಿಯೊ, ಅದರಿಂದಲೇ ಕತ್ತರಿಸಿದ ಒಂದು ಶಾರ್ಟ್ಸ್.

ಸೋಮ, ಮಂಗಳ ರಾತ್ರಿ: ನಾನು ಟಿಪ್ಪಣಿ ಬರೆಯುತ್ತೇನೆ.
ಬುಧವಾರ: ನಿನಗೆ ಕಳಿಸುತ್ತೇನೆ, ಎಲ್ಲಿ ಅರ್ಥವಾಗಲಿಲ್ಲ ಅಂತ ಹೇಳು.
ಭಾನುವಾರ ಬೆಳಗ್ಗೆ 6: ರೆಕಾರ್ಡಿಂಗ್. ಫ್ಯಾನ್ ಆರಿಸಬೇಕು, ಏಳರ ನಂತರ ಸೆಕೆ ತಡೆಯೋಕಾಗಲ್ಲ, ಬೀದಿಯ ಸದ್ದೂ ಶುರು.
ಮುಂದಿನ ಗುರುವಾರದೊಳಗೆ: ನಿನ್ನ ಎಡಿಟಿಂಗ್, ಶೆಡ್ಯೂಲ್.
ಶನಿವಾರ ಸಂಜೆ 6: ದೊಡ್ಡ ವಿಡಿಯೊ. ಮಂಗಳವಾರ: ಶಾರ್ಟ್ಸ್.

ವಿಷಯಗಳನ್ನು ಪುಸ್ತಕದ ಸಾಲಿನಲ್ಲೇ ಹಿಡಿಯಬೇಕಿಲ್ಲ, ಭಾರ ನೋಡಿ ಜೋಡಿಸಿದ್ದೇನೆ. ಥೇಲ್ಸ್ ಪ್ರಮೇಯಕ್ಕೆ ಚಿತ್ರ ಹಂತಹಂತವಾಗಿ ಮೂಡಬೇಕು, ನಿನಗೆ ದುಪ್ಪಟ್ಟು ಕೆಲಸ. ಅದರ ಹಿಂದಿನ ವಾರ, ಮುಂದಿನ ವಾರ ಎರಡೂ ಹಗುರ.

ಮೊದಲ ವಾರ: ಶ್ರೇಢಿಯ ಮೊತ್ತ. 2, 5, 8… ಹೀಗೆ 20 ಪದಗಳನ್ನು ಮೊದಲು ಮುಂದಿನಿಂದ, ಆಮೇಲೆ ಹಿಂದಿನಿಂದ ಬರೆದು ಕೂಡೋದು. ಪ್ರತಿ ಜೋಡಿಯೂ 61, ಅಂಥ 20 ಜೋಡಿ, ಅದರ ಅರ್ಧ 610. ಸೂತ್ರ ಕೊನೆಗೆ ಬರಲಿ.
ಎರಡನೇ ವಾರ: ಥೇಲ್ಸ್ ಪ್ರಮೇಯ.
ಮೂರನೇ ವಾರ: ವರ್ಗ ಸಮೀಕರಣದ ಮೂಲಗಳ ಸ್ವಭಾವ. `b² − 4ac` ಸೊನ್ನೆ ಬಂದರೆ "ಉತ್ತರ ಇಲ್ಲ ಅಲ್ವಾ ಮಿಸ್?" ಅಂತ ಪ್ರತಿ ವರ್ಷ ಒಂದಿಬ್ಬರು ಕೇಳುತ್ತಾರೆ. ಎರಡು ಮೂಲಗಳೂ ಸಮ ಅನ್ನೋದನ್ನ `x² − 6x + 9 = 0` ಬಿಡಿಸಿ ತೋರಿಸೋಣ. ಶಾರ್ಟ್ಸ್‌ಗೂ ಇದೇ ತುಣುಕು.
ನಾಲ್ಕನೇ ವಾರ: ಹೊಸ ಪಾಠವಿಲ್ಲ. ಕಾಮೆಂಟಿನಲ್ಲಿ ಬಂದ ಐದು ಸಂದೇಹ, ಬೋರ್ಡಿನ ಮೇಲೆ ಕೈಬರಹದಲ್ಲಿ ಉತ್ತರ, ಎಡಿಟಿಂಗ್ ಬರೀ ಕತ್ತರಿಸೋದಷ್ಟೇ. ಇನ್ನೂ ಕಾಮೆಂಟ್ ಬರದಿದ್ದರೆ ನನ್ನ ತರಗತಿಯ ಪ್ರಶ್ನೆಗಳಿವೆ.

ಮೂರು ವಿಡಿಯೊ ಕೈಯಲ್ಲಿ ತಯಾರಾಗುವವರೆಗೆ ಚಾನೆಲ್ ತೆರೆಯೋದು ಬೇಡ. ಕಿರುಪರೀಕ್ಷೆಯ ಪತ್ರಿಕೆ ತಿದ್ದುವ ವಾರ ನನಗೆ ಉಸಿರಾಡೋಕೂ ಆಗಲ್ಲ, ಆಗ ಕೂಡಿಟ್ಟದ್ದರಲ್ಲಿ ಒಂದು ಹೋಗಲಿ. ಶನಿವಾರ ಕಾದು ಕೂರುವ ಮಗುವಿಗೆ ಪಾಠ ಸಿಗಲೇಬೇಕು, ಟ್ಯೂಷನ್‌ಗೆ ಹೋಗಲಾಗದವರಿಗೆಂದೇ ಅಲ್ಲವಾ ಇದನ್ನ ಶುರು ಮಾಡ್ತಿರೋದು?

ಸೆಪ್ಟೆಂಬರ್ ಕೊನೆಗೆ ಕೂತು ನೋಡೋಣ. ಅಲ್ಲಿವರೆಗೆ ವೀಕ್ಷಣೆಯ ಸಂಖ್ಯೆ ನೋಡಿ ವೇಳಾಪಟ್ಟಿ ಬದಲಿಸೋದು ಬೇಡ. ಮಕ್ಕಳು ಯಾವ ನಿಮಿಷದಲ್ಲಿ ಬಿಟ್ಟು ಹೋಗ್ತಾರೆ ಅನ್ನೋದನ್ನ ಮಾತ್ರ ಬರೆದಿಡು. ಮೊದಲ ವಿಡಿಯೊ ಜೂನ್ ಎರಡನೇ ಶನಿವಾರ. ಈ ಭಾನುವಾರ ಮೈಕ್ ತಗೊಂಡು ಬಾ.

ಅಕ್ಕ