ಕೂತ್ಕೊ ಅಜ್ಜಿ ಕೂತ್ಕೊ: ಹಾಲಮ್ಮಜ್ಜಿಯ 80ನೇ ಹುಟ್ಟುಹಬ್ಬದ ಹಾಡು

ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇದೆ. ಅದು ಸುಮ್ನೆ ಯಾರೋ ಬರೆಸಿದ್ದು. ಅಜ್ಜಿಯ ಅವ್ವ ಹೇಳುತ್ತಿದ್ದದ್ದು, "ನಾಗರ ಪಂಚಮಿ ಮರುದಿನ ಬೆಳಿಗ್ಗೆ ಹುಟ್ಟಿದೋಳು" ಅಂತ. ಅದಕ್ಕೇ ಈ ಸಲ ಹಬ್ಬಕ್ಕೆ ಅತ್ತೆಯರು ದಾವಣಗೆರೆಗೆ ಬಂದಾಗ, ಮರುದಿನವೇ ಹಾಡೋಣ. ಪಡಸಾಲೆಯ ತೊಲೆಗೆ ಕಟ್ಟಿದ ಜೋಕಾಲಿ ಬಿಚ್ಚಬೇಡಿ. ಮಣೆಯ ಮೇಲೆ ಕೌದಿ ಮಡಚಿ ಹಾಸಿ ಅಜ್ಜಿಯನ್ನು ಅದರಲ್ಲೇ ಕೂರಿಸೋಣ. ಇಬ್ಬರು ಎರಡೂ ಕಡೆ ನಿಂತು ಹಗ್ಗ ಹಿಡಿದುಕೊಂಡಿರಿ. ಜೋರಾಗಿ ಜೀಕಬೇಡಿ, ಮೆಲ್ಲಗೆ ತೂಗಿದರೆ ಸಾಕು.

ಧಾಟಿ ಬಹಳ ಸುಲಭ. ಸ ರಿ ಗ ಮ ಪ, ಐದೇ ಸ್ವರ. ಐದು ಮನೆ ಶ್ರುತಿ ಇಟ್ಟುಕೊಂಡರೆ ಹೆಂಗಸರಿಗೆ ಮಕ್ಕಳಿಗೆ ಸಲೀಸು, ಗಂಡಸರು ಕೆಳಗಿನ ಸ್ಥಾಯಿಯಲ್ಲಿ ಹಾಡಲಿ. ಆರು ಎಣಿಕೆಯ ತಾಳ. ಒಂದಕ್ಕೆ ಒಂದು ಚಪ್ಪಾಳೆ, ನಾಲ್ಕಕ್ಕೆ ಒಂದು. ಜೋಕಾಲಿ ಮುಂದೆ ಹೋಗುವಾಗ ಮೂರು, ಹಿಂದೆ ಬರುವಾಗ ಮೂರು ಅಂದುಕೊಳ್ಳಿ. ಅಲ್ಪವಿರಾಮ ಇದ್ದಲ್ಲಿ ಹಿಂದಿನ ಸ್ವರವನ್ನೇ ಎಳೆಯಬೇಕು.

ಪಲ್ಲವಿಯ ಸ್ವರ:

ಸ , ರಿ | ಗ , ರಿ | ಗ , ಪ | , , ,
ಪ ಮ ಗ | ಮ , ಗ | ರಿ , ರಿ | , , ,
ಸ , ರಿ | ಗ , ರಿ | ಗ , ಪ | , , ,
ಪ , ಗ | ರಿ , ಗ | ರಿ , ಸ | , , ,

ನುಡಿಯ ಸ್ವರ (ನಾಲ್ಕು ಸಾಲಿಗೆ, ಉಳಿದ ನಾಲ್ಕಕ್ಕೂ ಇದೇ):

ಪ , ಪ | ಪ ಮ ಗ | ಮ , ಮ | ಗ , ರಿ
ಗ , ಗ | ಗ ರಿ ಸ | ರಿ ಗ ರಿ | , , ,
ಪ , ಪ | ಮ , ಗ | ಮ , ಮ | ಗ , ರಿ
ಗ , ಗ | ರಿ , ಗ | ರಿ ರಿ ಸ | , , ,

ಅಕ್ಷರ ಒಂದೆರಡು ಹೆಚ್ಚುಕಡಿಮೆ ಆದರೆ ಚಿಂತೆ ಬೇಡ. ಚಪ್ಪಾಳೆ ತಪ್ಪದಿದ್ದರೆ ಆಯ್ತು.

ಪಲ್ಲವಿ (ಎಲ್ಲರೂ, ಎರಡು ಸಲ)

ಕೂತ್ಕೊ ಅಜ್ಜಿ ಕೂತ್ಕೊ
ಇವತ್ತು ನೀನು ಕೂತ್ಕೊ
ಎಂಬತ್ತಾಯ್ತು ನಿಂಗೆ
ಹಗ್ಗ ಗಟ್ಟಿ ಹಿಡ್ಕೊ

ಮೊದಲ ನುಡಿ ಚಿಕ್ಕ ಮಕ್ಕಳಿಗೆ. ಚಿತ್ರದುರ್ಗದ ಕೋಟೆ ನೋಡಿ ಬಂದಿದ್ದಾರಲ್ಲ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಎಲ್ಲಾ ಅವರಿಗೆ ಗೊತ್ತು.

ಕೋಟೆ ಕೆಳಗೆ ಹುಟ್ಟಿ ಬಂದೆ
ಪಂಚ್ಮಿ ಕಳೆದ ಬೆಳಗು
ಸಾಲೆ ಬಿಟ್ರೆ ಬೆಟ್ಟ ಹತ್ತಿ
ಹೊಂಡ ನೋಡೋ ಹುಡುಗಿ
ಓಬವ್ವನ ಕಿಂಡಿ ಒಳಗೆ
ನುಸುಳಿ ಹೊರಗೆ ಬಂದೆ
ಲಂಗ ಹರಿದು ಅವ್ವ ಬೈದ್ರೆ
ನಕ್ಕು ಓಡಿ ಹೋದೆ

(ಪಲ್ಲವಿ)

ಎರಡನೆಯದು ಅಜ್ಜನದು. ಊರಲ್ಲಿ ಹತ್ತಿ ಮಿಲ್ಲುಗಳು ಓಡುತ್ತಿದ್ದ ಕಾಲ. ಪಾಳಿ ಮುಗಿಸಿ ಬರುವಾಗ ಅಜ್ಜನ ತಲೆಯೆಲ್ಲಾ ಬೆಳ್ಳಗೆ ಹತ್ತಿಯ ಎಳೆ. ಅಜ್ಜಿ ಆ ಮಾತು ಹೇಳುವಾಗ ಇವತ್ತಿಗೂ ಮುಖ ಅರಳುತ್ತದೆ. ದೊಡ್ಡಪ್ಪ ಹಾಡಲಿ, ಅವರ ದನಿ ಅಜ್ಜನ ದನಿಯ ಹಾಗೇ ಇದೆ.

ನಾಕು ಕ್ಲಾಸು ಓದಿದ್ ಹುಡುಗಿ
ದಾವಣ್ಗೇರಿ ಸೇರ್ದೆ
ಮಿಲ್ಲಿನ್ ಕೂಗು ಕೇಳಿ ಎದ್ದು
ಬುತ್ತಿ ಕಟ್ಟಿ ಕೊಟ್ಟೆ
ಅಜ್ಜ ಸಂಜೆ ಮನೆಗೆ ಬಂದ್ರೆ
ಹತ್ತಿ ತಲೆಯ ತುಂಬ
"ಮುದ್ಕ ಆದ್ರಿ ಈಗ್ಲೇ" ಅಂತ
ನಕ್ತಾ ಒರೆಸ್ತಿದ್ದೆ

(ಪಲ್ಲವಿ)

ಮೂರನೆಯದನ್ನು ಅಪ್ಪ, ದೊಡ್ಡಪ್ಪ, ಅತ್ತೆ ಮೂವರೂ ಸೇರಿ ಹಾಡಬೇಕು. ಕಾಲೇಜಿನ ಫೀಸು ಆ ಬಾಣಲೆಯಿಂದಲೇ ಬಂದದ್ದು ಅಂತ ಅವರ ಬಾಯಲ್ಲೇ ಬರಲಿ. ಇಲ್ಲಿ ಚಪ್ಪಾಳೆ ಜೋರಾಗಿರಲಿ.

ಮಿಲ್ಲು ಮುಚ್ಚಿ ಕೂಗು ನಿಂತ್ರೂ
ನೀನು ನಿಲ್ಲಲಿಲ್ಲ
ಬಾಣ್ಲಿ ಇಟ್ಟು ಒಲೆಯ ಹಚ್ಚಿ
ಘಮ್ಮಂತ್ ಬೀದಿ ಎಲ್ಲ
ಮಂಡಕ್ಕಿಗೆ ಮಿರ್ಚಿ ಜೋಡಿ
ಪೊಟ್ಣ ಕಟ್ಟಿ ಕಟ್ಟಿ
ಮೂರು ಮಕ್ಳ ಫೀಸು ಕೊಟ್ಟೆ
ಎಷ್ಟು ಅಜ್ಜಿ ಗಟ್ಟಿ!

(ಪಲ್ಲವಿ, ಎರಡು ಸಲ)

ಮುಂದಿನದು ಕೌದಿಯ ನುಡಿ. ಇದನ್ನು ನಿಧಾನ ಮಾಡಿ, ಚಪ್ಪಾಳೆ ಬೇಡ. ಹಾಸ್ಟೆಲಿನಲ್ಲಿದ್ದ ಮೊಮ್ಮಕ್ಕಳು ನಾವೆಲ್ಲ ಒಟ್ಟಿಗೆ. ಅಜ್ಜನ ನೀಲಿ ಅಂಗಿಯ ತುಂಡು ಕೌದಿಯ ನಡುವೆ ಇದೆಯಲ್ಲ, ಅದರ ಮೇಲೆ ಅಜ್ಜಿ ಕೈ ಆಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಜ್ಜಿ ಅತ್ತರೂ ಹಾಡು ನಿಲ್ಲಿಸಬೇಡಿ.

ಹಳೇ ಸೀರೆ ಹಳೇ ಪಂಚೆ
ಕೂಡ್ಸಿ ಹೊಲಿದ ಕೌದಿ
ಹಾಸ್ಟೆಲ್ ಚಳಿಗೆ ಅದನ್ ಹೊದ್ರೆ
ನಿದ್ದೆ ಬಂತು ನಮ್ಗೆ
ಅಜ್ಜನ್ ಅಂಗಿ ತುಂಡು ಒಂದು
ನಟ್ಟ ನಡುವೆ ಐತೆ
ಕೈಯ ಇಟ್ಟು ಸುಮ್ನೆ ಇರ್ತಿ
ಗೊತ್ತು ನಮ್ಗೆ ಅಜ್ಜಿ

ಇಲ್ಲಿ ಪಲ್ಲವಿ ಬೇಡ. ನೇರ ಮಾರಿಕಣಿವೆಗೆ ಹೋಗೋಣ, ತಾಳ ಮತ್ತೆ ಮೊದಲಿನ ಹಾಗೆ. 1933ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲೇ. ಅಷ್ಟು ವರ್ಷ ಅಜ್ಜಿ ಅದನ್ನು ಅವ್ವನ ಬಾಯಿಂದ ಕೇಳಿದ ಕಥೆಯಾಗಿ ಮಾತ್ರ ಹೇಳುತ್ತಿದ್ದರು. ನನಗೆ ಇಡೀ ಹಾಡಿನಲ್ಲಿ ತುಂಬಾ ಇಷ್ಟವಾದ ನುಡಿ ಇದು. ಹಾಗಾಗಿ ನಾನೇ ಹಾಡುತ್ತೇನೆ.

ಮಾರಿಕಣ್ವೆ ಕೋಡಿ ಬಿತ್ತು
ಕರೆದು ಹೋದ್ವಿ ನಿನ್ನ
ನಿಮ್ಮವ್ವ್ ಕಂಡ ಕೋಡಿ ಅಂತೆ
ನೀನು ಹುಟ್ಟೋ ಮುನ್ನ
ನೀರು ನೋಡಿ ಕೈಯ ಮುಗ್ದು
ಮಾತೇ ಬರ್ಲಿಲ್ ನಿಂಗೆ
"ಅವ್ವ ಹೇಳಿದ್ ಸುಳ್ಳು ಅಲ್ಲ"
ಅಂದಿ ಆಮೇಲ್ ನಮ್ಗೆ

(ಪಲ್ಲವಿ)

ಕೊನೆಯ ನುಡಿ ಸೊಸೆಯರದು, ಅಂದರೆ ಅಮ್ಮ ಮತ್ತು ದೊಡ್ಡಮ್ಮನದು. ಈ ಮನೆಯಲ್ಲಿ ಅಜ್ಜಿ ಎಲ್ಲರ ಜೊತೆ ಪಂಕ್ತಿಗೆ ಕೂತು ಉಂಡದ್ದನ್ನು ನಾನಂತೂ ನೋಡಿಲ್ಲ. ಈ ಹಾಡು ಬರೆದದ್ದೇ ಅದಕ್ಕೆ. ಎರಡನೇ ಅರ್ಧ ಶುರುವಾಗುವಾಗ ಜೋಕಾಲಿ ಮುಂದೆ ಮಣೆ, ಬಾಳೆ ಎಲೆ ಬಂದಿರಬೇಕು.

ಯಾರೇ ಬರ್ಲಿ ಎಷ್ಟೊತ್ತಾದ್ರೂ
"ಉಂಡು ಹೋಗು" ಅಂತಿ
ಎಲ್ರೂ ಉಂಡು ಎದ್ದ ಮೇಲೆ
ತಟ್ಟೆ ನೀನು ತರ್ತಿ
ಇವತ್ತ್ ಮೊದ್ಲು ನಿನ್ನ ಎಲೆಗೆ
ಹೋಳ್ಗೆ ತುಪ್ಪ ಹಾಲು
ನೀನು ಉಂಡು ಏಳೋ ತಂಕ
ಕಾಯ್ಲಿ ನಮ್ಮ ಸಾಲು

ಕೊನೆಯ ಪಲ್ಲವಿ ಸ್ವಲ್ಪ ಬೇರೆ. ಮೂರನೇ ಸಾಲು ಉದ್ದ ಇದೆ, ಅದಕ್ಕೆ ನುಡಿಯ ಮೂರನೇ ಸಾಲಿನ ಸ್ವರ ಹಾಕಿಕೊಳ್ಳಿ. ಎಲ್ಲರೂ, ಮೂರು ಸಲ:

ಕೂತ್ಕೊ ಅಜ್ಜಿ ಕೂತ್ಕೊ
ನಮ್ಮ ಮಾತು ಕೇಳ್ಕೊ
ವರ್ಷ ವರ್ಷ ಪಂಚ್ಮಿಗ್ ಬರ್ತೀವ್
ಹೀಂಗೇ ನಕ್ಕೋತ್ ಕೂತ್ಕೊ

ಮೂರನೇ ಸಲ ಹಾಡುವಾಗಲೇ ಅತ್ತೆ ಹೋಳಿಗೆ ಬಡಿಸಲಿ. "ನೀವು ಉಣ್ಣಿ ಮೊದ್ಲು" ಅಂತ ಅಜ್ಜಿ ಏಳಲು ನೋಡಿದರೆ ಮತ್ತೆ ಪಲ್ಲವಿ ಶುರು ಮಾಡಿ. ಅವರು ಮೊದಲ ತುತ್ತು ಬಾಯಿಗಿಡುವ ತನಕ ಬಿಡಬೇಡಿ.